ಎರಡೂ ಕಡೆಯ ಹೊಡೆತ

“ಮೇಷ್ಟ್ರೇ, ಡೀಸೆಲ್ ರೇಟು ಏರಿದ್ದು ಎಲ್ಲೋ ಯುದ್ಧ ಆಗಿದ್ದಕ್ಕೆ. ಅದಕ್ಕೆ ರಿಸರ್ವ್ ಬ್ಯಾಂಕಿನವರು ನಮ್ಮ ಸಾಲದ ಬಡ್ಡಿ ಯಾಕೆ ಏರಿಸಬೇಕು? ಬಡ್ಡಿ ಏರಿಸಿದ್ರೆ ಡೀಸೆಲ್ ಅಗ್ಗ ಆಗ್ತದಾ?”

ಆಗುವುದಿಲ್ಲ. ಮುಂಬೈಯಲ್ಲಿ ಕುಳಿತು ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾವು ಕೊಡುವ ಸಾಲದ ಬಡ್ಡಿಯನ್ನು, ಎಷ್ಟೇ ಏರಿಸಿದರೂ ಕಚ್ಚಾ ತೈಲದ ಒಂದು ಪೀಪಾಯಿಯೂ ಹೆಚ್ಚಿಗೆ ಹುಟ್ಟುವುದಿಲ್ಲ. ರಿಸರ್ವ್ ಬ್ಯಾಂಕಿನವರಿಗೂ ಇದು ಚೆನ್ನಾಗಿ ಗೊತ್ತು. ಡೀಸೆಲ್ ಏರಿದ ಮೇಲೆ ಉಳಿದ ಬೆಲೆಗಳೂ ಕೂಲಿಯೂ ಅದರ ಹಿಂದೆ ಹೊರಟುಬಿಡುತ್ತವೆಯೇ ಎಂಬುದೊಂದೇ ಅವರ ಚಿಂತೆ. ಕಾಲೇಜಿನ ಹುಡುಗರೂ ಕೇಳುತ್ತಾರೆ, ತೋಟದವರೂ ಕೇಳುತ್ತಾರೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕುಶಾಲನಗರದ ಒಬ್ಬ ಲಾರಿ ಮಾಲೀಕರನ್ನು ಲೆಕ್ಕಕ್ಕೆಂದು ಕಲ್ಪಿಸಿಕೊಳ್ಳಿ. ಮೈಸೂರಿನಿಂದ ತರಕಾರಿ, ದಿನಸಿ ಹೇರಿಕೊಂಡು ಮಡಿಕೇರಿಗೆ ತಲುಪಿಸುವುದು ಅವರ ಕೆಲಸ. ಒಂದು ಟ್ರಿಪ್ಪಿಗೆ ಬಾಡಿಗೆ 8,000 ರೂಪಾಯಿ. ಹೋಗಿಬರಲು 50 ಲೀಟರ್ ಡೀಸೆಲ್ ಬೇಕು, ಲೀಟರಿಗೆ 85 ರೂಪಾಯಿಯಂತೆ 4,250. ಡ್ರೈವರ್, ಕ್ಲೀನರ್ ಸಂಬಳ 1,500. ಟೈರು, ಇನ್ಶೂರೆನ್ಸ್, ಸಾಲದ ಕಂತು ಎಂದು ಇನ್ನೊಂದು 1,500. ಕೈಯಲ್ಲಿ ಉಳಿಯುವುದು 750.

2022ರ ಮಾರ್ಚ್ 22ರಿಂದ ಏಪ್ರಿಲ್ 6ರವರೆಗೆ ನಮ್ಮ ಪಂಪುಗಳಲ್ಲಿ ಡೀಸೆಲ್ ದರ ಹೆಚ್ಚುಕಡಿಮೆ ದಿನಾ ಏರುತ್ತ ಹೋಗಿ, ಒಟ್ಟು ಲೀಟರಿಗೆ 10 ರೂಪಾಯಿ ಜಾಸ್ತಿಯಾಯಿತು. ಫೆಬ್ರವರಿ ಕೊನೆಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ಹೂಡಿತ್ತು. ಹೂಮಳೆ ಬಾರದ ತೋಟಗಳಲ್ಲಿ ಸ್ಪ್ರಿಂಕ್ಲರ್ ಹಾಯಿಸುವ ಕಾಲವೂ ಅದೇ, ಹಾಗಾಗಿ ಆ ಏರಿಕೆ ನಮ್ಮ ಜಿಲ್ಲೆಯಲ್ಲಿ ಬಹಳ ಜನರ ನೆನಪಿನಲ್ಲಿದೆ. ನಮ್ಮ ಲಾರಿ ಮಾಲೀಕರಿಗೆ ಟ್ರಿಪ್ಪಿಗೆ 500 ರೂಪಾಯಿ ಹೆಚ್ಚು ಖರ್ಚು. 750 ಉಳಿಯುತ್ತಿದ್ದಲ್ಲಿ ಈಗ 250.

ಅವರು ಬಾಡಿಗೆಯನ್ನು 8,500 ಮಾಡಿದರೆನ್ನಿ. ದೊಡ್ಡ ಅಂಗಡಿಯವರು ಕೊಡುತ್ತಾರೆ, ಕೊಟ್ಟು ಟೊಮೆಟೊ ಮೇಲೆ ಹಾಕುತ್ತಾರೆ. ಸಣ್ಣ ವ್ಯಾಪಾರಿಗಳು ವಾರಕ್ಕೆ ಎರಡು ಲೋಡಿನ ಬದಲು ಒಂದೇ ಸಾಕು ಎನ್ನುತ್ತಾರೆ. ಬಾಡಿಗೆ ಏರಿಸದೆ ಸುಮ್ಮನಿದ್ದರೆ, ಅರ್ಧ ಲೋಡಿನ ಟ್ರಿಪ್ಪುಗಳು ನಷ್ಟಕ್ಕೆ ಬಿದ್ದು ನಿಂತುಹೋಗುತ್ತವೆ. ಹೇಗೆ ನೋಡಿದರೂ ಓಡಾಟ ಕಡಿಮೆಯಾಗುತ್ತದೆ, ಬೆಲೆ ಜಾಸ್ತಿಯಾಗುತ್ತದೆ. ಪೂರೈಕೆಯ ಆಘಾತ ಎಂದರೆ ಇದೇ. ಇದು ದೇಶಕ್ಕೆಲ್ಲ ಹಬ್ಬಿ, ಬೆಲೆ ಏರುತ್ತಲೇ ಇದ್ದು ಉತ್ಪಾದನೆ ನಿಂತಲ್ಲೇ ನಿಂತರೆ ಅದನ್ನು ಸ್ಟ್ಯಾಗ್‌ಫ್ಲೇಷನ್ ಎನ್ನುತ್ತಾರೆ.

ಬೇಡಿಕೆ ಬಿದ್ದಾಗಿನ ಕಷ್ಟ ಬೇರೆ ಥರದ್ದು. ಪ್ರವಾಸಿಗರು ಬಾರದೆ ಹೋದರೆ ಹೋಂಸ್ಟೇಗಳಲ್ಲಿ ಕೋಣೆಗಳೂ ಖಾಲಿ, ಬಾಡಿಗೆಯೂ ಇಳಿಕೆ. ದೇಶದಲ್ಲೆಲ್ಲ ಹಾಗಾದಾಗ ರಿಸರ್ವ್ ಬ್ಯಾಂಕಿಗೆ ಗೊಂದಲವಿಲ್ಲ: ಬಡ್ಡಿ ಇಳಿಸಿದರೆ ಖರ್ಚು ಮಾಡುವವರು ಬರುತ್ತಾರೆ, ಬೆಲೆಯೂ ಕೆಲಸವೂ ಒಟ್ಟಿಗೆ ಚೇತರಿಸಿಕೊಳ್ಳುತ್ತವೆ. ಡೀಸೆಲ್ ಆಘಾತದಲ್ಲಿ ಆ ಅನುಕೂಲ ಇಲ್ಲ. ಬಡ್ಡಿ ಇಳಿಸಿದರೆ ಓಡಾಟ ಉಳಿದೀತು, ಆದರೆ ಬೆಲೆ ಇನ್ನಷ್ಟು ಮೇಲೆ ಹೋಗುತ್ತದೆ. ಬಡ್ಡಿ ಏರಿಸಿದರೆ ಬೆಲೆ ತಡೆದೀತು, ಆದರೆ ಈಗಾಗಲೇ ಕುಗ್ಗಿದ ವ್ಯಾಪಾರ ಇನ್ನೂ ಕುಗ್ಗುತ್ತದೆ. ಆಘಾತಕ್ಕೆ ಮೊದಲು ಯಾವ ಬೆಲೆಯಲ್ಲಿ ಎಷ್ಟು ಕೆಲಸ ಸಾಧ್ಯವಿತ್ತೋ ಆ ಜಾಗ ಈಗ ಯಾವ ಬಡ್ಡಿ ದರಕ್ಕೂ ಸಿಗುವುದಿಲ್ಲ. 2022ರ ಏಪ್ರಿಲ್ 8ರಂದು ರಿಸರ್ವ್ ಬ್ಯಾಂಕ್ ಹೇಳಿದ್ದನ್ನು ನೋಡಿ: ಆ ವರ್ಷದ ಬೆಳವಣಿಗೆಯ ಅಂದಾಜನ್ನು ಶೇ 7.8ರಿಂದ 7.2ಕ್ಕೆ ಇಳಿಸಿತು, ಹಣದುಬ್ಬರದ ಅಂದಾಜನ್ನು ಶೇ 4.5ರಿಂದ 5.7ಕ್ಕೆ ಏರಿಸಿತು. ಒಂದೇ ದಿನ, ಎರಡೂ ಕೆಟ್ಟ ದಿಕ್ಕಿಗೆ.

ಹಾಗಾದರೆ ಸುಮ್ಮನಿರಬಾರದೇ? ಡೀಸೆಲ್ 85ರಿಂದ 95ಕ್ಕೆ ಏರಿ ಅಲ್ಲಿಯೇ ನಿಂತರೆ, ಒಂದು ವರ್ಷ ಕಳೆದ ಮೇಲೆ ಅದರಿಂದ ಹಣದುಬ್ಬರ ಹುಟ್ಟುವುದಿಲ್ಲ. ಬೆಲೆ ಎತ್ತರದಲ್ಲಿರುತ್ತದೆ, ಏರುತ್ತಿರುವುದಿಲ್ಲ. ಬಡ್ಡಿಯ ಪೆಟ್ಟು ಜನರ ಕೆಲಸಕ್ಕೆ ಪೂರ್ತಿ ತಟ್ಟಲು ಹಲವು ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ಆಘಾತವೇ ಮುಗಿದಿರಬಹುದು. ಯುರೋಪಿನ ಕೇಂದ್ರ ಬ್ಯಾಂಕಿಗೆ ಆದದ್ದು ಹಾಗೆಯೇ. 2008ರ ಜುಲೈಯಲ್ಲಿ ತೈಲ ಪೀಪಾಯಿಗೆ 140 ಡಾಲರ್ ದಾಟಿದ್ದಾಗ ಅದು ಬಡ್ಡಿಯನ್ನು ಶೇ 4.25ಕ್ಕೆ ಏರಿಸಿತು. ಅಕ್ಟೋಬರ್‌ನಲ್ಲಿ ಹಣಕಾಸು ಬಿಕ್ಕಟ್ಟಿನ ನಡುವೆ ಇಳಿಸಬೇಕಾಯಿತು. ಡಿಸೆಂಬರ್ ಹೊತ್ತಿಗೆ ತೈಲ 40 ಡಾಲರಿಗಿಂತ ಕೆಳಗೆ ಬಂದಿತ್ತು. ಏರಿಸದೆ ಇದ್ದಿದ್ದರೇ ಸರಿಯಿತ್ತು ಎಂಬುದು ನನ್ನ ಅಭಿಪ್ರಾಯ.

ಆದರೆ ಸುಮ್ಮನಿರುವುದಕ್ಕೂ ಬೆಲೆ ತೆರಬೇಕಾಗಬಹುದು. ಮತ್ತೆ ಲಾರಿಗೆ ಬನ್ನಿ. ಬಾಡಿಗೆ ಏರಿದ್ದರಿಂದ ಟೊಮೆಟೊ ಏರಿತು, ಟೊಮೆಟೊ ಏರಿದ್ದರಿಂದ ಡ್ರೈವರ್ ಮನೆಯ ಖರ್ಚು ಏರಿತು. ಅವರು ಟ್ರಿಪ್ಪಿಗೆ 200 ಹೆಚ್ಚು ಕೇಳುತ್ತಾರೆ, ಅದು ನ್ಯಾಯವೇ. ಮಾಲೀಕರು 200 ಕೊಟ್ಟು ಬಾಡಿಗೆಯನ್ನು 8,700 ಮಾಡುತ್ತಾರೆ. ಮುಂದಿನ ವರ್ಷವೂ ಹೀಗೇ ಏರುತ್ತದೆ ಎಂದು ಎಲ್ಲರಿಗೂ ಅನ್ನಿಸತೊಡಗಿದರೆ ಅವರು 9,000ವನ್ನು ಮುಂಚೆಯೇ ಕೇಳುತ್ತಾರೆ. ಈಗ ಡೀಸೆಲ್ 85ಕ್ಕೆ ವಾಪಸು ಬಂದರೂ ಬಾಡಿಗೆ 8,000ಕ್ಕೆ ಬರುವುದಿಲ್ಲ. ಬಡ್ಡಿ ಏರಿಕೆ ತಡೆಯಲು ಹೊರಡುವುದು ಈ ಎರಡನೇ ಸುತ್ತನ್ನು. ತಡೆಯುವ ಬಗೆಯೂ ಕ್ರೂರವೇ ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು: ಮಾಲೀಕರು ಎರಡನೇ ಲಾರಿ ಕೊಳ್ಳುವುದನ್ನು ಮುಂದೂಡುತ್ತಾರೆ, ಅಂಗಡಿಯವರು ಸಾಲ ತಂದು ದಾಸ್ತಾನು ಮಾಡುವುದನ್ನು ಬಿಡುತ್ತಾರೆ, ಲೋಡು ಕಡಿಮೆಯಾಗುತ್ತದೆ, ಲೋಡು ಕಡಿಮೆ ಇರುವಾಗ ಡ್ರೈವರ್‌ಗೆ ಹೆಚ್ಚು ಕೇಳುವ ಧೈರ್ಯ ಬರುವುದಿಲ್ಲ.

ಎರಡನೇ ಸುತ್ತು ಶುರುವಾಗಿದೆಯೇ ಎಂದು ತಿಳಿಯಲು ನಾನು ಎರಡು ಸಂಗತಿ ನೋಡುತ್ತೇನೆ. ಆಹಾರ, ಇಂಧನ ಬಿಟ್ಟು ಉಳಿದವುಗಳ ಹಣದುಬ್ಬರ ಒಂದು. ಮನೆಮನೆಯವರನ್ನು ಕೇಳಿ ರಿಸರ್ವ್ ಬ್ಯಾಂಕ್ ನಡೆಸುವ ಬೆಲೆ ನಿರೀಕ್ಷೆಯ ಸಮೀಕ್ಷೆ ಇನ್ನೊಂದು. 2022ರಲ್ಲಿ ಚಿಲ್ಲರೆ ಹಣದುಬ್ಬರ ಏಪ್ರಿಲ್‌ನಲ್ಲಿ ಶೇ 7.79 ಮುಟ್ಟಿ ನಿಧಾನವಾಗಿ ಇಳಿಯಿತು, ಆದರೆ ಆಹಾರ, ಇಂಧನ ಬಿಟ್ಟ ಲೆಕ್ಕ ಶೇ 6ರ ಆಸುಪಾಸಿನಲ್ಲೇ ಅಂಟಿಕೊಂಡಿತ್ತು. ರೆಪೊ ದರ ಮೇ 4ರಂದು ಶೇ 4ರಿಂದ 4.4ಕ್ಕೆ ಏರಿದ್ದು, ಅಲ್ಲಿಗೆ ನಿಲ್ಲದೆ 2023ರ ಫೆಬ್ರವರಿಗೆ 6.5 ತಲುಪಿದ್ದು ಇದರಿಂದ. ಆ ವರ್ಷ ದೇಶದ ಬೆಳವಣಿಗೆ ಶೇ 7ರ ಹತ್ತಿರವೇ ಉಳಿಯಿತು, ಆದ್ದರಿಂದ ಅದನ್ನು ಸ್ಟ್ಯಾಗ್‌ಫ್ಲೇಷನ್ ಎನ್ನಲಾಗದು.

ನಿಜವಾದ ಸ್ಟ್ಯಾಗ್‌ಫ್ಲೇಷನ್ ನಮ್ಮ ಹಿರಿಯರು ಕಂಡದ್ದು 1974ರಲ್ಲಿ. 1972ರಲ್ಲಿ ಮಳೆ ಕೈಕೊಟ್ಟಿತ್ತು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ತಡೆದವು. ಪೀಪಾಯಿಗೆ 3 ಡಾಲರ್ ಸುಮಾರಿದ್ದ ಬೆಲೆ 1974ರ ಜನವರಿಗೆ 11 ಡಾಲರ್ ದಾಟಿತು. ಮೇ ತಿಂಗಳಲ್ಲಿ ರೈಲ್ವೆ ಮುಷ್ಕರ. ಸಗಟು ಬೆಲೆಗಳ ಏರಿಕೆ ಒಂದು ಹಂತದಲ್ಲಿ ವರ್ಷಕ್ಕೆ ಶೇ 30 ದಾಟಿತ್ತು, 1974–75ರ ಬೆಳವಣಿಗೆ ಶೇ 1ಕ್ಕಿಂತ ತುಸುವೇ ಹೆಚ್ಚು. ಜುಲೈಯಲ್ಲಿ ಬ್ಯಾಂಕ್ ದರವನ್ನು ಶೇ 7ರಿಂದ 9ಕ್ಕೆ ಏರಿಸಿದರು. ಆದರೆ ನನ್ನ ಗಮನ ಸೆಳೆಯುವುದು ಅದೇ ತಿಂಗಳು ಇಂದಿರಾ ಗಾಂಧಿ ಸರ್ಕಾರ ತಂದ ಸುಗ್ರೀವಾಜ್ಞೆ: ಹೊಸದಾಗಿ ಸಿಗುವ ಸಂಬಳದ ಹೆಚ್ಚಳವನ್ನು ಒಂದು ವರ್ಷ ಪೂರ್ತಿಯಾಗಿ, ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧವನ್ನು ಎರಡು ವರ್ಷ, ಕೈಗೆ ಕೊಡದೆ ಕಡ್ಡಾಯ ಠೇವಣಿಯಲ್ಲಿ ಇಡುವುದು, ಆಮೇಲೆ ಬಡ್ಡಿ ಸೇರಿಸಿ ಕಂತಿನಲ್ಲಿ ಮರಳಿಸುವುದು. ಡ್ರೈವರ್ ಕೇಳಿದ ಆ 200 ರೂಪಾಯಿಯನ್ನೇ ಹಿಡಿದು ನಿಲ್ಲಿಸಿದಂತೆ. ಅದೇ ವರ್ಷದ ಕೊನೆಯ ಹೊತ್ತಿಗೆ ಬೆಲೆಗಳು ಇಳಿಯತೊಡಗಿದವು. 1975ರ ಮಳೆ ಚೆನ್ನಾಗಿ ಬಂದು 1975–76ರಲ್ಲಿ ಸಗಟು ಹಣದುಬ್ಬರ ಸೊನ್ನೆಗಿಂತ ಕೆಳಗಿತ್ತು. ಮಳೆಯಿಂದ ಎಷ್ಟು, ಸುಗ್ರೀವಾಜ್ಞೆಯಿಂದ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಎರಡನೇ ಸುತ್ತು ಮುರಿದದ್ದಂತೂ ನಿಜ. ಮುರಿಯದೆ ಬಿಟ್ಟ ಅಮೆರಿಕ 1980ರ ಹೊತ್ತಿಗೆ ಶೇ 13 ದಾಟಿದ ಹಣದುಬ್ಬರವನ್ನು ಕಂಡಿತು, ಅದನ್ನು ಇಳಿಸಲು ಹೋಗಿ 1982ರ ಕೊನೆಯಲ್ಲಿ ನಿರುದ್ಯೋಗ ಶೇ 10.8ಕ್ಕೆ ಏರಿತು.

ಇಲ್ಲಿಗೇ ನನ್ನ ಉತ್ತರ ನಿಂತರೆ ಅದು ನಮ್ಮ ತೋಟಗಳ ಲೈನ್‌ಮನೆಯವರಿಗೆ ಮಾಡುವ ಅನ್ಯಾಯ. 1974ರಲ್ಲಿ ತಡೆದದ್ದು ತುಟ್ಟಿಭತ್ಯೆ ಇದ್ದವರ ಹಣವನ್ನು. ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪರಿಷ್ಕರಣೆಯಾಗುವುದು ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಹಿಂದಿನ ವರ್ಷದ ಬೆಲೆ ಸೂಚ್ಯಂಕ ನೋಡಿ. ಅಂದರೆ 2022ರ ಬೇಸಿಗೆಯಲ್ಲಿ ಏರಿದ ಬೆಲೆ ಕೂಲಿಯಲ್ಲಿ ಕಾಣಿಸಿಕೊಂಡದ್ದು 2023ರ ಏಪ್ರಿಲ್‌ನಿಂದ. ಅಷ್ಟು ದಿನ ಆಘಾತವನ್ನು ಹೊತ್ತವರು ಅವರೇ. ಅಸ್ಸಾಂ, ಜಾರ್ಖಂಡ್‌ನಿಂದ ಬಂದು ದಿನಗೂಲಿಗೆ ದುಡಿಯುವವರಲ್ಲಿ ಎಷ್ಟೋ ಮಂದಿಗೆ ಆ ಪರಿಷ್ಕರಣೆಯೂ ಕೈಸೇರುವುದಿಲ್ಲ. ಹಾಗೆಂದು ತಿಂಗಳು ತಿಂಗಳು ತುಟ್ಟಿಭತ್ಯೆ ಏರಿಸಿ ಎಂದರೆ, ಎರಡನೇ ಸುತ್ತಿಗೆ ವೇಗ ಕೊಟ್ಟಂತೆ. ರಿಸರ್ವ್ ಬ್ಯಾಂಕ್ ಆಗ ಇನ್ನಷ್ಟು ಬಡ್ಡಿ ಏರಿಸಿ ಅವರ ಕೆಲಸವನ್ನೇ ಕಡಿಮೆ ಮಾಡುತ್ತದೆ.

ಇದರಿಂದ ಸ್ವಲ್ಪ ಹೊರಬರುವ ದಾರಿ ಇರುವುದು ಸರ್ಕಾರದ ಕೈಯಲ್ಲಿ. 2022ರ ಮೇ 21ರಂದು ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು ಪೆಟ್ರೋಲಿಗೆ 8, ಡೀಸೆಲಿಗೆ 6 ರೂಪಾಯಿ ಇಳಿಸಿತು. ನಮ್ಮ ಲಾರಿಗೆ ಟ್ರಿಪ್ಪಿಗೆ 300 ರೂಪಾಯಿಯ ಮೇಲೆ ಉಳಿತಾಯ. ಬೆಲೆಯೂ ಓಡಾಟವೂ ಒಟ್ಟಿಗೆ ಸುಧಾರಿಸುವ ಕ್ರಮ ಅದು, ಬಡ್ಡಿಗೆ ಆ ಶಕ್ತಿಯಿಲ್ಲ. ಆದರೆ ವರ್ಷಕ್ಕೆ ಸುಮಾರು 1 ಲಕ್ಷ ಕೋಟಿ ರೂಪಾಯಿ ಆದಾಯ ಹೋಗುತ್ತದೆ ಎಂದು ಹಣಕಾಸು ಸಚಿವರೇ ಹೇಳಿದ್ದರು, ಮತ್ತು ಆ ರಿಯಾಯಿತಿ ದೊಡ್ಡ ಕಾರಿನವರಿಗೂ ಅಷ್ಟೇ ಸಿಕ್ಕಿತು. ಅಷ್ಟು ಹಣ ಬಿಡುವುದಾದರೆ ಪಡಿತರ ಅಕ್ಕಿಗೆ ಮೊದಲು ಬಿಡಬೇಕು ಎನ್ನುತ್ತೇನೆ ನಾನು. ಲೈನ್‌ಮನೆಯವರಿಗೆ ಅಕ್ಕಿ ಸಿಕ್ಕರೆ ಏರಿದ ಬೆಲೆಯ ಬಹುಪಾಲು ಅವರ ತಟ್ಟೆಗೆ ತಟ್ಟುವುದಿಲ್ಲ, ಲಾರಿ ಬಾಡಿಗೆಯೂ ಅದರಿಂದ ಏರುವುದಿಲ್ಲ. ಹೊರರಾಜ್ಯದ ಕಾರ್ಡಿನವರಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಆ ಅಕ್ಕಿ ತಕರಾರಿಲ್ಲದೆ ಸಿಗುವಂತೆ ಮಾಡಿದರೆ, ಅದಷ್ಟು ಮಟ್ಟಿಗೆ ರಿಸರ್ವ್ ಬ್ಯಾಂಕಿನ ಭಾರವೂ ಕಡಿಮೆಯಾಗುತ್ತದೆ.