ತಂಗಿಯ ಪದವಿ, ಅಣ್ಣನ ಅಡಿಬರಹ

ತಂಗಿಯ ಬಿ.ಫಾರ್ಮ್ ಪದವಿ ಪ್ರದಾನಕ್ಕೆಂದು ಮುಂಬೈಯಿಂದ ಪುಣೆಗೆ ಹೋಗಿ ಬಂದೆ. ಆ ದಿನದ ಚಿತ್ರದ ಕೆಳಗೆ ಏನು ಬರೆಯಬೇಕೆಂಬ ಬಗ್ಗೆ ನಮ್ಮಿಬ್ಬರ ನಡುವೆ ನಡೆದ ಮಾತು ಇನ್ನೂ ಮನಸ್ಸಿನಲ್ಲಿದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುವವನು. ದಾದರಿನಲ್ಲಿ ಬೆಳಗಿನ ಇಂದ್ರಾಯಣಿ ಎಕ್ಸ್‌ಪ್ರೆಸ್ ಹತ್ತಿದೆ. ಭೋರ್ ಘಾಟಿಯನ್ನು ಏರಲು ಹಿಂದಿನಿಂದ ತಳ್ಳುವ ಎಂಜಿನ್‌ಗಳನ್ನು ಜೋಡಿಸುವುದಕ್ಕೆಂದು ರೈಲು ಕರ್ಜತ್‌ನಲ್ಲಿ ನಿಲ್ಲುತ್ತದೆ. ಅಲ್ಲಿನ ವಡಾಪಾವ್ ತಿನ್ನುತ್ತ ಮೊಬೈಲಿನಲ್ಲಿ ಮೊದಲ ಕರಡು ಬರೆದೆ: ‘ನಾನು ದುಡಿದು ಓದಿಸಿದ ತಂಗಿ ಇಂದು ಪದವೀಧರೆ.’

ಸಮಾರಂಭ ಚೆನ್ನಾಗಿಯೇ ನಡೆಯಿತು. ಆದರೆ ಕಾರ್ಯಕ್ರಮ ಮುಗಿದ ಕೂಡಲೇ ಗೌನು ಹಿಂತಿರುಗಿಸದಿದ್ದರೆ ಠೇವಣಿ ಸಿಗದೆಂದು ಅವಸರಿಸಿದರು. ಸರತಿಯಲ್ಲಿ ನಿಂತು ಅದನ್ನು ಒಪ್ಪಿಸುವಷ್ಟರಲ್ಲಿ ಅದನ್ನು ತೊಟ್ಟ ಒಂದು ಚಿತ್ರವೂ ನಮಗೆ ದಕ್ಕಲಿಲ್ಲ. ಇಂಥ ಸಮಾರಂಭಕ್ಕೆ ಹೋಗುವವರು ಗೌನು ಕೈಗೆ ಸಿಕ್ಕ ತಕ್ಷಣ, ಸಭಾಂಗಣದೊಳಗೆ ಕಾಲಿಡುವ ಮೊದಲೇ ಚಿತ್ರ ತೆಗೆದುಕೊಳ್ಳಿ. ಪದವಿ ಪತ್ರವನ್ನು ಹಿಡಿದು ನಿಂತರೆ ನೋಂದಣಿ ಸಂಖ್ಯೆ ಕಾಣದಂತೆ ಅದರ ಮೇಲೆ ಬೆರಳಿರಲಿ.

ತಂಗಿ ಉಟ್ಟ ಇಳಕಲ್ ಸೀರೆಯಲ್ಲೇ ಗಣೇಶಖಿಂಡಕ್ಕೆ ಹೋದೆವು. ಅಲ್ಲಿರುವ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ ಬ್ರಿಟಿಷರ ಕಾಲದಲ್ಲಿ ಮುಂಬೈ ಪ್ರಾಂತ್ಯದ ಗವರ್ನರರ ಮಳೆಗಾಲದ ನಿವಾಸವಾಗಿತ್ತು. 1949ರಲ್ಲಿ ವಿಶ್ವವಿದ್ಯಾಲಯ ಆರಂಭವಾಯಿತು. ಬಾಡಿಗೆಯ ಗೌನಿಗಿಂತ ಈ ಕಲ್ಲಿನ ಗೋಡೆಯೇ ಚಿತ್ರಕ್ಕೆ ಹೆಚ್ಚು ಒಪ್ಪಿತೆಂಬುದು ನನ್ನ ಅಭಿಪ್ರಾಯ. ಅಲ್ಲಿನ ಮರದ ನೆರಳಿನಲ್ಲಿ ಕುಳಿತು ಕರಡನ್ನು ಅವಳಿಗೆ ತೋರಿಸಿದೆ.

ಓದಿದವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣ, ಲೆಕ್ಕ ನೀನೇ ಬರೆದಿಟ್ಟವನಲ್ವಾ, ಒಮ್ಮೆ ಹೇಳು,” ಎಂದಳು.

ಹೇಳಿದೆ. ಶಿಕ್ಷಣ ಸಾಲ ಅವಳ ಹೆಸರಿನಲ್ಲಿದೆ. ಸಹಸಾಲಗಾರಳಾಗಿ ಸಹಿ ಹಾಕಿದವಳು ಕುಂದಾಪುರದಲ್ಲಿರುವ ಅಮ್ಮ. ನಾಲ್ಕು ಲಕ್ಷದೊಳಗಿನ ಸಾಲವಾದ್ದರಿಂದ ಬ್ಯಾಂಕು ಅಡಮಾನ ಕೇಳಲಿಲ್ಲ. ವರ್ಷಕ್ಕೆ 95,000 ರೂಪಾಯಿಯಂತೆ ನಾಲ್ಕು ವರ್ಷ ಹಣ ನೇರವಾಗಿ ಕಾಲೇಜಿಗೆ ಹೋಯಿತು. ಕಂತು ಆರಂಭವಾಗುವುದು ಓದು ಮುಗಿದು ಒಂದು ವರ್ಷದ ನಂತರವಾದರೂ ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತದೆ, ಕಟ್ಟದಿದ್ದರೆ ಕೊನೆಗೆ ಅಸಲಿಗೆ ಸೇರುತ್ತದೆ. ಹಾಗಾಗಿ ನಾನು ಪ್ರತಿ ತಿಂಗಳು ಬಡ್ಡಿ ಕಟ್ಟುತ್ತ ಬಂದೆ. ಶೇಕಡಾ 9ರ ದರದಲ್ಲಿ ಮೊದಲ ವರ್ಷ ತಿಂಗಳಿಗೆ ಸುಮಾರು 712 ರೂಪಾಯಿ ಇದ್ದದ್ದು ನಾಲ್ಕನೆಯ ವರ್ಷದಲ್ಲಿ 2,850ಕ್ಕೆ ಏರಿತು, ಒಟ್ಟು 85,500. ಹಾಸ್ಟೆಲು ಮತ್ತು ಮೆಸ್ಸಿನ ಖರ್ಚೂ ನನ್ನದೇ.

“ಹಾಗಾದರೆ 3,80,000 ಅಸಲು ಇನ್ನೂ ಹಾಗೇ ಇದೆ. ಅದನ್ನು ನನ್ನ ಸಂಬಳದಿಂದ ನಾನು ತೀರಿಸಬೇಕು. ಅಮ್ಮನ ಸಹಿ ಇಲ್ಲದಿದ್ದರೆ ಸಾಲವೇ ಸಿಗುತ್ತಿರಲಿಲ್ಲ. ನೀನು ಬರೆದದ್ದರಲ್ಲಿ ಅಮ್ಮನೂ ಇಲ್ಲ, ನಾನು ಓದಿದ್ದೂ ಇಲ್ಲ.”

“ನಾನು ಕಟ್ಟಿದ್ದನ್ನು ಹೇಳಿಕೊಳ್ಳಬಾರದಾ?”

“ಖಂಡಿತ ಹೇಳು. ಬಡ್ಡಿ ನೀನು ಕಟ್ಟಿದ್ದರಿಂದಲೇ ನನ್ನ ಸಾಲ ಬೆಳೆಯಲಿಲ್ಲ ಅಂತ ನಾನೇ ಎಲ್ಲರಿಗೂ ಹೇಳುತ್ತೇನೆ. ಆದರೆ ಮೊಬೈಲಿನಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಮೊದಲ ಸಾಲು. ಅಲ್ಲಿ ನನ್ನ ಕೆಲಸ ಇರಲಿ.”

ಏನು ಕೆಲಸವೆಂದು ಕೇಳಿದೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟನ್ನು ಅವಳು ವಿವರಿಸತೊಡಗಿದಾಗ ಹೊತ್ತು ಹೋದದ್ದು ತಿಳಿಯಲಿಲ್ಲ. ಗಾಜಿನ ಪಾತ್ರೆಯಲ್ಲಿ 900 ಮಿಲಿಲೀಟರ್ ದ್ರವವನ್ನು ದೇಹದ ಶಾಖಕ್ಕೆ ಸಮನಾಗಿ 37 ಡಿಗ್ರಿಯಲ್ಲಿ ಇಟ್ಟು, ಮಾತ್ರೆಯನ್ನು ಅದರೊಳಗೆ ಬಿಡುತ್ತಾರೆ. ದೋಣಿಯದರಂಥ ಸಣ್ಣ ಹುಟ್ಟೊಂದು ನಿಮಿಷಕ್ಕೆ 50 ಸುತ್ತು ತಿರುಗುತ್ತಿರುತ್ತದೆ. ಗೊತ್ತುಪಡಿಸಿದ ಹೊತ್ತಿಗೆ ಸರಿಯಾಗಿ ಸ್ವಲ್ಪ ದ್ರವ ತೆಗೆದು, ಅಷ್ಟೇ ಹೊಸ ದ್ರವವನ್ನು ತುಂಬಿ, ಔಷಧ ಎಷ್ಟು ಕರಗಿತೆಂದು ಅಳೆಯುತ್ತಾರೆ. ಪಾತ್ರೆಯೊಳಗೆ ಒಂದು ಗಾಳಿಗುಳ್ಳೆ ಮಾತ್ರೆಗೆ ಅಂಟಿಕೊಂಡರೂ ಫಲಿತಾಂಶ ವ್ಯತ್ಯಾಸವಾಗುತ್ತದೆಯಂತೆ. ಕೈಬೆರಳುಗಳಲ್ಲೇ ಹುಟ್ಟು ತಿರುಗುವುದನ್ನು ಅಭಿನಯಿಸುತ್ತಿದ್ದ ಅವಳನ್ನು ನೋಡಿ ನನಗೆ ಕಣ್ಣು ತುಂಬಿತು.

ಶಿವಾಜಿನಗರ ನಿಲ್ದಾಣದಲ್ಲಿ ಹಿಂದಿರುಗುವ ರೈಲಿಗೆ ಕಾಯುತ್ತ ಇಬ್ಬರೂ ಸೇರಿ ಹೀಗೆ ಬರೆದು ಹಾಕಿದೆವು:

‘ಮಾತ್ರೆ ಹೊಟ್ಟೆಯಲ್ಲಿ ಹೇಗೆ ಕರಗುತ್ತದೆಂದು ಅಳೆಯಬಲ್ಲ ನನ್ನ ತಂಗಿ ಇಂದು ಬಿ.ಫಾರ್ಮ್ ಪದವೀಧರೆ. ಸಾಲಕ್ಕೆ ಸಹಿ ಅಮ್ಮನದು, ಓದು ಅವಳದು, ತಿಂಗಳ ಬಡ್ಡಿ ಅಣ್ಣನದು. ಅಸಲನ್ನು ಅವಳೇ ತೀರಿಸುತ್ತಾಳೆ.’

ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. ಸಾಲದ ವಿಷಯ ಊರವರಿಗೆಲ್ಲ ಎಂತಕ್ಕೆ ಎಂದು ಮೊದಲು ಆಕ್ಷೇಪಿಸಿದರು. ನಂತರ ಮಾತ್ರೆಯ ಸಂಗತಿ ಸರಿಯಾಗಿ ಅರ್ಥವಾಗಲಿಲ್ಲವೆಂದು ಫೋನನ್ನು ತಂಗಿಗೆ ಕೊಡಲು ಹೇಳಿದರು. ಅವಳು 37 ಡಿಗ್ರಿಯಿಂದ ಮತ್ತೆ ಶುರುಮಾಡಿದಳು.