ಉಳಿದ ನಾಲ್ಕು ಕ್ಯಾಪ್ಸೂಲ್

"ಹೋದ ಸಲ ಡಾಕ್ಟರು ಕೊಟ್ಟ ಆಂಟಿಬಯಾಟಿಕ್ ನಾಲ್ಕು ಉಳಿದಿದೆ. ಈಗ ಮತ್ತೆ ಅದೇ ಥರ ಉರಿಮೂತ್ರ ಶುರುವಾಗಿದೆ. ಅದನ್ನೇ ತಗೊಳ್ಳಲಾ?"

ಬೇಡ.

ಇಷ್ಟಕ್ಕೆ ಯಾರೂ ಸುಮ್ಮನಾಗುವುದಿಲ್ಲ. "ಎಕ್ಸ್‌ಪೈರಿ ಆಗಿಲ್ವಲ್ಲ" ಎನ್ನುತ್ತಾರೆ. "ಹೋದ ಸಲ ಅದರಲ್ಲೇ ವಾಸಿಯಾಯ್ತಲ್ಲ" ಎನ್ನುತ್ತಾರೆ. ನಾನು ಡಾಕ್ಟರಲ್ಲ. ಲ್ಯಾಬಿನಲ್ಲಿ ಮೂತ್ರ, ರಕ್ತ, ಕಫದ ಕಲ್ಚರ್ ಮಾಡುವವಳು. ಬ್ಯಾಕ್ಟೀರಿಯಾ ಬೆಳೆಸಿ, ಅದು ಯಾವ ಔಷಧಿಗೆ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂದು ನೋಡುವುದು ನನ್ನ ಕೆಲಸ. ಅದಕ್ಕೇ ನೆಂಟರು, ಅಕ್ಕಪಕ್ಕದವರು ಡಾಕ್ಟರಿಗಿಂತ ಮೊದಲು ನನ್ನನ್ನು ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಇದನ್ನು ಕಳಿಸುತ್ತೇನೆ.

ನನಗೆ ಸಿಟ್ಟು ಬರುವುದು "ಅದೇ ಥರ" ಎನ್ನುವ ಮಾತಿಗೆ. ಉರಿ ಅದೇ ಥರ ಇರಬಹುದು. ಆದರೆ ಯಾವ ಬ್ಯಾಕ್ಟೀರಿಯಾ ಬಂದಿದೆ, ಎಲ್ಲಿಯವರೆಗೆ ಏರಿದೆ, ಯಾವ ಔಷಧಿಗೆ ಬಗ್ಗುತ್ತದೆ? ಈ ಮೂರೂ ಉರಿಯಲ್ಲಿ ಗೊತ್ತಾಗುವುದಿಲ್ಲ. ಔಷಧಿ ಆರಿಸುವುದು ಈ ಮೂರರ ಮೇಲೆಯೇ.

ನನ್ನ ಅತ್ತಿಗೆಯ ಕಥೆ ಹೇಳುತ್ತೇನೆ. ಹೇಳು ಎಂದು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಅವರಿಗೆ ಉರಿಮೂತ್ರ ಆಗಿತ್ತು. ಡಾಕ್ಟರು ನೈಟ್ರೋಫ್ಯುರಾಂಟಾಯಿನ್ ಬರೆದರು. 100 ಮಿಲಿಗ್ರಾಂ, ದಿನಕ್ಕೆರಡು, 5 ದಿನ. ಒಟ್ಟು 10 ಕ್ಯಾಪ್ಸೂಲ್. ಎರಡನೇ ದಿನಕ್ಕೇ ಉರಿ ನಿಂತಿತು. ಮೂರು ದಿನ ನುಂಗಿ ಬಿಟ್ಟರು. ಉಳಿದ ನಾಲ್ಕು ಸ್ಟ್ರಿಪ್ಪಿನಲ್ಲೇ ಡ್ರಾಯರಿಗೆ ಹೋದವು. ಆರು ತಿಂಗಳ ಮೇಲೆ ಮತ್ತೆ ಉರಿ. ಜೊತೆಗೆ ಬಲಗಡೆ ಪಕ್ಕೆಯ ಹಿಂದೆ ನೋವು, ಸಂಜೆ ಸ್ವಲ್ಪ ಚಳಿ. ಪಕ್ಕೆ ನೋವು ಭಾರ ಎತ್ತಿದ್ದಕ್ಕೆ ಅಂದುಕೊಂಡರು. ಡ್ರಾಯರಿನಲ್ಲಿದ್ದ ನಾಲ್ಕನ್ನು ಎರಡು ದಿನದಲ್ಲಿ ನುಂಗಿದರು. ನನ್ನನ್ನು ಕೇಳಲಿಲ್ಲ.

ಉರಿ ಕಡಿಮೆಯಾಯಿತು. ಇದು ಮುಖ್ಯ, ಸ್ವಲ್ಪ ನಿಂತು ಓದಿ. ಔಷಧಿ ಕೆಲಸ ಮಾಡಿತು. ಉರಿ ಹೋಯಿತು, ಅವರಿಗೆ ಧೈರ್ಯ ಬಂತು. ಮೂರನೇ ದಿನ ಗಡಗಡ ನಡುಗುವ ಚಳಿ, 103 ಡಿಗ್ರಿ ಜ್ವರ, ವಾಂತಿ.

ಯಾಕೆ ಹೀಗಾಯಿತು? ನೈಟ್ರೋಫ್ಯುರಾಂಟಾಯಿನ್ ನುಂಗಿದರೆ ಕಿಡ್ನಿ ಅದನ್ನು ಬೇಗ ಸೋಸಿ ಮೂತ್ರಕ್ಕೆ ತಳ್ಳುತ್ತದೆ. ಮೂತ್ರಕೋಶದಲ್ಲಿ ನಿಂತ ಮೂತ್ರದಲ್ಲಿ ಔಷಧಿ ಗಟ್ಟಿಯಾಗಿ ಸೇರುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಸಾಯುತ್ತದೆ. ಆದರೆ ರಕ್ತದಲ್ಲಾಗಲಿ, ಕಿಡ್ನಿಯ ಮಾಂಸದಲ್ಲಾಗಲಿ ಅದು ಸಾಕಷ್ಟು ನಿಲ್ಲುವುದೇ ಇಲ್ಲ. ಮೊದಲನೇ ಸಲ ಅವರ ಸೋಂಕು ಮೂತ್ರಕೋಶದಲ್ಲಿತ್ತು. ಎರಡನೇ ಸಲ ಕಿಡ್ನಿಗೆ ಏರಿತ್ತು. ಪಕ್ಕೆ ನೋವು, ಚಳಿ ಅದರ ಗುರುತು. ಕೆಳಗಿನ ಉರಿ ಹೋದ ಹೊತ್ತಿನಲ್ಲೇ ಮೇಲಿನದು ಬೆಳೆಯುತ್ತಿತ್ತು.

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವರ ಮೂತ್ರದ ಸ್ಯಾಂಪಲ್ ನಾನೇ ಹಾಕಿದೆ. ಹಾಕುವುದು ಹೇಗೆಂದರೆ, 0.001 ಮಿಲಿಲೀಟರ್ ಹಿಡಿಯುವ ಸಣ್ಣ ಬಳೆಯಂಥ ಲೂಪ್ ಇರುತ್ತದೆ. ಅದನ್ನು ಮೂತ್ರದಲ್ಲಿ ಅದ್ದಿ, ಬ್ಯಾಕ್ಟೀರಿಯಾಕ್ಕೆ ಬೇಕಾದ ಆಹಾರ ಹಾಕಿಟ್ಟ ಪ್ಲೇಟಿನ ಮೇಲೆ ಗೆರೆ ಎಳೆಯುತ್ತೇವೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರಾತ್ರಿ ಇಡುತ್ತೇವೆ. ಬೆಳಿಗ್ಗೆ ಒಂದೊಂದು ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವ ಒಂದೊಂದು ಚುಕ್ಕೆಯಾಗಿರುತ್ತದೆ. 100 ಚುಕ್ಕೆ ಎಂದರೆ ಒಂದು ಮಿಲಿಲೀಟರಿನಲ್ಲಿ ಒಂದು ಲಕ್ಷ. ಉರಿಮೂತ್ರಕ್ಕೆ ಜಾಸ್ತಿ ಕಾರಣವಾಗುವ ಇ-ಕೊಲೈ, ನಾವು ಬಳಸುವ ಮ್ಯಾಕ್‌ಕಾಂಕಿ ಪ್ಲೇಟಿನಲ್ಲಿ ಗುಲಾಬಿ ಬಣ್ಣಕ್ಕೆ ಬೆಳೆಯುತ್ತದೆ.

ಅತ್ತಿಗೆಯ ಪ್ಲೇಟು ಬೆಳಿಗ್ಗೆ ಖಾಲಿ ಇತ್ತು. ಒಂದು ಚುಕ್ಕೆಯೂ ಇಲ್ಲ. ಆದರೆ ಹಿಂದಿನ ದಿನ ಅದೇ ಮೂತ್ರವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ತುಂಬ ಕೀವಿನ ಕಣ ಕಂಡಿದ್ದವು. ಕೀವಿದೆ, ಬೆಳೆ ಇಲ್ಲ. ಇದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಆದರೆ ಇಂಥ ಪ್ಲೇಟು ಕಂಡಾಗ ನಾವು ಮೊದಲು ಕೇಳುವುದು, ಸ್ಯಾಂಪಲ್ ಕೊಡುವ ಮೊದಲು ಏನಾದರೂ ನುಂಗಿದ್ರಾ ಎಂದು. ಉಳಿದ ಮಾತ್ರೆಯ ಎರಡನೇ ತೊಂದರೆ ಇದೇ. ಅದು ಕಾಯಿಲೆಯನ್ನು ವಾಸಿ ಮಾಡದೇ ಇರಬಹುದು, ಆದರೆ ಸಾಕ್ಷಿಯನ್ನು ಅಳಿಸುತ್ತದೆ. ಒಂದೇ ಡೋಸ್ ಸಾಕು, ಮೂತ್ರದ ಕಲ್ಚರ್ ಕೆಟ್ಟುಹೋಗಬಹುದು.

ಡಾಕ್ಟರು ರಕ್ತದ ಕಲ್ಚರನ್ನೂ ಕಳಿಸಿದ್ದರು. ಅದರಲ್ಲಿ ಇ-ಕೊಲೈ ಬೆಳೆಯಿತು. ಅದನ್ನು ಪ್ಲೇಟಿನ ತುಂಬ ಹುಲ್ಲುಹಾಸಿನ ಹಾಗೆ ಸವರಿ, ಮೇಲೆ ಔಷಧಿಯ ಸಣ್ಣ ಬಿಲ್ಲೆಗಳನ್ನು ಇಟ್ಟೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ದುಂಡನೆಯ ಜಾಗ ಬಿಡುತ್ತದೆ. ಅದನ್ನು ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ರಕ್ತದಲ್ಲಿ ಬೆಳೆದದ್ದಕ್ಕೆ ನೈಟ್ರೋಫ್ಯುರಾಂಟಾಯಿನ್ ಬಿಲ್ಲೆ ಇಡುವ ಪದ್ಧತಿ ಇಲ್ಲ. ರಕ್ತದ ಸೋಂಕಿಗೆ ಅದನ್ನು ಕೊಡುವುದೇ ಇಲ್ಲವಲ್ಲ. ನನಗೆ ತಿಳಿಯಬೇಕಿತ್ತು, ಇಟ್ಟು ನೋಡಿದೆ. ಸುತ್ತ ಅಗಲವಾದ ಖಾಲಿ ಜಾಗ. ಆ ಔಷಧಿಗೆ ಆ ಬ್ಯಾಕ್ಟೀರಿಯಾ ಸಾಯುತ್ತಿತ್ತು. ಔಷಧಿ ಅದಿರುವ ಜಾಗಕ್ಕೆ ಹೋಗಲಿಲ್ಲ, ಅಷ್ಟೇ.

ಅದೇ ಪ್ಲೇಟಿನಲ್ಲಿ ಸಿಪ್ರೋಫ್ಲಾಕ್ಸಾಸಿನ್ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿತ್ತು. ಕೂದಲೆಳೆಯಷ್ಟೂ ಜಾಗ ಬಿಟ್ಟಿರಲಿಲ್ಲ. ಆಮೇಲೆ ಗೊತ್ತಾಯಿತು, ಕೆಲವು ತಿಂಗಳ ಹಿಂದೆ ಎರಡು ದಿನ ಭೇದಿಯಾದಾಗ ಅತ್ತಿಗೆ ಮನೆಯಲ್ಲಿ ಯಾರದೋ ಉಳಿದಿದ್ದ ಸಿಪ್ರೋ ನುಂಗಿದ್ದರು. ಅದರಿಂದಲೇ ಇದು ಎಂದು ಒಬ್ಬರ ಪ್ಲೇಟು ನೋಡಿ ಹೇಳಲಾಗುವುದಿಲ್ಲ. ಆದರೆ ದಾರಿ ಹೀಗಿದೆ. ಉರಿಮೂತ್ರ ತರುವ ಇ-ಕೊಲೈ ಸಾಮಾನ್ಯವಾಗಿ ಹೊರಗಿನಿಂದ ಬರುವುದಲ್ಲ. ಅದು ನಮ್ಮ ಕರುಳಿನಲ್ಲೇ ಇರುವುದು. ಯಾವ ಕಾಯಿಲೆಗೆ ಆಂಟಿಬಯಾಟಿಕ್ ನುಂಗಿದರೂ ಅದು ಕರುಳಿನ ಬ್ಯಾಕ್ಟೀರಿಯಾಗೂ ತಾಗಬಹುದು. ಬಗ್ಗುವವು ಸಾಯುತ್ತವೆ, ಬಗ್ಗದ ಕೆಲವು ಉಳಿದು ಖಾಲಿಯಾದ ಜಾಗದಲ್ಲಿ ಹಬ್ಬುತ್ತವೆ. ಇದು ವಾರದಲ್ಲಿ ಸರಿಹೋಗುವುದಿಲ್ಲ, ಕೆಲವರಲ್ಲಿ ಒಂದು ವರ್ಷದವರೆಗೂ ಉಳಿಯಬಹುದು. ಮುಂದಿನ ಸೋಂಕು ಅವುಗಳಿಂದಲೇ ಬಂದರೆ ಆ ಮಾತ್ರೆ ಉಪಯೋಗಕ್ಕೆ ಬಾರದು. ನೆಗಡಿಗೆ, ವೈರಸ್ಸಿನ ಜ್ವರಕ್ಕೆ ಉಳಿದದ್ದನ್ನು ನುಂಗುವವರಿಗೂ ಇದೇ ಆಗುತ್ತದೆ. ವೈರಸ್ಸಿಗೆ ಏನೂ ಆಗುವುದಿಲ್ಲ, ಕರುಳಿಗೆ ಮಾತ್ರ ಏಟು.

ಇಷ್ಟು ಹೇಳಿದ ಮೇಲೆ ಎಲ್ಲರೂ ಅತ್ತಿಗೆಗೆ ಬೈಯುವುದು ಒಂದೇ: "ಅವತ್ತೇ ಕೋರ್ಸ್ ಮುಗಿಸಿದ್ದರೆ ಹೀಗಾಗ್ತಿರಲಿಲ್ಲ." ಇಲ್ಲಿ ನಾನು ಅತ್ತಿಗೆಯ ಪರ. ಮೂರೇ ದಿನಕ್ಕೆ ನಿಲ್ಲಿಸಿದ್ದು ತಪ್ಪು. ಉರಿ ಹೋಗುವುದು ಮೊದಲು, ಬ್ಯಾಕ್ಟೀರಿಯಾ ಪೂರ್ತಿ ಹೋಗುವುದು ಆಮೇಲೆ. ಆದರೆ ಅರ್ಧಕ್ಕೆ ಬಿಟ್ಟದ್ದು ಮತ್ತೆ ತಲೆ ಎತ್ತುವುದಾದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಎತ್ತುತ್ತದೆ. ಆರು ತಿಂಗಳ ಮೇಲೆ ಬಂದದ್ದು ಬಹುಪಾಲು ಹೊಸ ಸೋಂಕು. ಅವರನ್ನು ಕೆಡಿಸಿದ್ದು ಅವತ್ತು ಬಿಟ್ಟದ್ದಲ್ಲ, ಇವತ್ತು ಡ್ರಾಯರ್ ತೆಗೆದದ್ದು.

ಅರ್ಧಕ್ಕೆ ನಿಲ್ಲಿಸಿದರೆ ಬ್ಯಾಕ್ಟೀರಿಯಾ ಔಷಧಿಗೆ ಒಗ್ಗಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕ್ಷಯಕ್ಕೆ ಇದು ನಿಜ. ಕ್ಷಯದ ಬ್ಯಾಕ್ಟೀರಿಯಾ ನಿಧಾನ ಬೆಳೆಯುತ್ತದೆ, ಅದರ ನಡುವೆಯೇ ಔಷಧಿಗೆ ಬಗ್ಗದವು ಹುಟ್ಟಿಕೊಳ್ಳುತ್ತವೆ. ಅದಕ್ಕೇ ಸಾಮಾನ್ಯ ಕ್ಷಯಕ್ಕೆ ಮೊದಲ 2 ತಿಂಗಳು ನಾಲ್ಕು ಔಷಧಿ ಒಟ್ಟಿಗೆ ಕೊಟ್ಟು, ಇನ್ನೂ 4 ತಿಂಗಳು ಮುಂದುವರಿಸುವುದು. ಕೆಮ್ಮು ಕೆಲವು ವಾರಕ್ಕೇ ಇಳಿಯಬಹುದು. ಆಗ ಬಿಟ್ಟವರ ಕ್ಷಯ ತಿರುಗಿ ಬಂದಾಗ ಹಳೇ ಔಷಧಿಗೆ ಬಗ್ಗದೇ ಇರಬಹುದು. ಗಂಟಲಿನ ಸ್ಟ್ರೆಪ್ಟೋಕಾಕಸ್ ಸೋಂಕಿಗೆ ಪೆನಿಸಿಲಿನ್ 10 ದಿನ ಬರೆಯುವುದಕ್ಕೆ ಕಾರಣ ಬೇರೆ. ಗಂಟಲು ನೋವು ಮೂರ್ನಾಲ್ಕು ದಿನಕ್ಕೆ ಹೋಗುತ್ತದೆ. ಆದರೆ ಬ್ಯಾಕ್ಟೀರಿಯಾ ಗಂಟಲಲ್ಲಿ ಉಳಿದರೆ ಮುಂದೆ ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರ ಬರಬಹುದು.

ಹಾಗಂತ ಜಾಸ್ತಿ ದಿನ ನುಂಗಿದಷ್ಟೂ ಒಳ್ಳೆಯದು ಅಂತಲ್ಲ. ಕರುಳಿನ ಕಥೆ ಹೇಳಿದೆನಲ್ಲ, ಬೇಡದ ಒಂದೊಂದು ದಿನವೂ ಅಲ್ಲಿನ ಬಗ್ಗದವುಗಳಿಗೆ ಅನುಕೂಲ. ಅದಕ್ಕೇ ಡಾಕ್ಟರುಗಳೇ ಎಷ್ಟೋ ಕೋರ್ಸುಗಳನ್ನು ಚಿಕ್ಕದು ಮಾಡಿದ್ದಾರೆ. ಹಿಂದೆ 7ರಿಂದ 10 ದಿನ ಕೊಡುತ್ತಿದ್ದ ನ್ಯುಮೋನಿಯಾಕ್ಕೆ, ಸುಧಾರಿಸುತ್ತಿದ್ದರೆ ಈಗ 5 ದಿನ ಸಾಕಾಗುವುದುಂಟು. ಮೂತ್ರಕೋಶದ ಸೋಂಕಿಗೆ ಫಾಸ್ಫೋಮೈಸಿನ್ ಎಂಬ ಔಷಧಿ ಒಂದೇ ಡೋಸ್. ದಿನದ ಲೆಕ್ಕ ಕಾಯಿಲೆಗೆ, ಔಷಧಿಗೆ ತಕ್ಕ ಹಾಗೆ ಬದಲಾಗುತ್ತದೆ. ನಮ್ಮ ಮೈ ಹಗುರವಾಗಿದ್ದನ್ನು ನೋಡಿ ಅದನ್ನು ಹೇಳಲಾಗುವುದಿಲ್ಲ.

ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ ಬೇರೆ. ಅದನ್ನು ಕೇಳಬೇಕಾದ್ದು ನನ್ನನ್ನಲ್ಲ, ಡಾಕ್ಟರು ಚೀಟಿ ಬರೆಯುತ್ತಿರುವಾಗ ಅವರನ್ನೇ. "ಇದು ಎಷ್ಟು ದಿನ? ಮಧ್ಯದಲ್ಲೇ ಹುಷಾರಾದರೆ ನಿಲ್ಲಿಸಬಹುದಾ, ಇಲ್ಲಾ ಪೂರ್ತಿ ಬೇಕೇ ಬೇಕಾ? ಎಷ್ಟು ದಿನಕ್ಕೆ ಕಡಿಮೆಯಾಗದಿದ್ದರೆ ವಾಪಸ್ ಬರಲಿ?" ಅರ್ಧ ನಿಮಿಷದ ಮಾತು. ಕ್ಷಯದವರಿಗೆ ಒಂದು ಉತ್ತರ ಸಿಗುತ್ತದೆ, ಉರಿಮೂತ್ರದವರಿಗೆ ಇನ್ನೊಂದು. ಮೈಮೇಲೆ ದದ್ದು ಬಂದರೆ ಮುಂದಿನ ಡೋಸಿಗೆ ಮೊದಲು ಫೋನ್ ಮಾಡಿ. ಮುಖ ಊದಿದರೆ, ಉಸಿರು ಕಟ್ಟಿದರೆ ಫೋನಿಗೂ ಕಾಯಬೇಡಿ, ಔಷಧಿ ನಿಲ್ಲಿಸಿ ನೇರ ಆಸ್ಪತ್ರೆಗೆ ಹೋಗಿ. ಇದನ್ನು ಅರ್ಧಕ್ಕೆ ಬಿಡುವುದು ಎನ್ನುವುದಿಲ್ಲ.

ಡಾಕ್ಟರು ನಿಲ್ಲಿಸಿ ಎಂದಾಗ ಉಳಿದದ್ದನ್ನು ಎತ್ತಿಡಬೇಡಿ. ಔಷಧಿ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ. ಸಿಂಕಿಗೆ, ಕಮೋಡಿಗೆ ಮಾತ್ರ ಹಾಕಬೇಡಿ.

ಅತ್ತಿಗೆ ನಾಲ್ಕು ದಿನ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಔಷಧಿ ಹಾಕಿಸಿಕೊಂಡು ಮನೆಗೆ ಬಂದರು. ಹೋದ ತಿಂಗಳು ಬೆಳಿಗ್ಗೆ ಆರಕ್ಕೆ ಅವರ ಫೋನ್ ಬಂತು. "ಮತ್ತೆ ಉರಿ ಕಣೇ. ಜ್ವರ ಇಲ್ಲ, ಪಕ್ಕೆ ನೋವಿಲ್ಲ. ಇನ್ನೂ ಏನೂ ನುಂಗಿಲ್ಲ. ಬಾಟ್ಲಿ ಎಲ್ಲಿ ಸಿಗುತ್ತೆ?" ಮೊದಲು ಸ್ವಲ್ಪ ಬಿಟ್ಟು ಮಧ್ಯದ ಮೂತ್ರ ಹಿಡಿಯಿರಿ, ಎರಡು ಗಂಟೆಯೊಳಗೆ ತಲುಪಿಸಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ ಎಂದೆ. ಸ್ಯಾಂಪಲ್ ನನ್ನ ಕೈಗೆ ಕೊಟ್ಟು ಡಾಕ್ಟರ ಹತ್ತಿರ ಹೋದರು. ಅವರು ಅದೇ ನೈಟ್ರೋಫ್ಯುರಾಂಟಾಯಿನ್ 5 ದಿನಕ್ಕೆ ಬರೆದರು. ಮಾರನೇ ಬೆಳಿಗ್ಗೆ ಪ್ಲೇಟಿನ ತುಂಬ ಗುಲಾಬಿ ಚುಕ್ಕೆ, ಎಣಿಸಲು ಆಗದಷ್ಟು. ಅದರ ಮುಂದಿನ ಬೆಳಿಗ್ಗೆ ಬಿಲ್ಲೆಗಳ ಪ್ಲೇಟು ನೋಡಿದೆ. ನೈಟ್ರೋಫ್ಯುರಾಂಟಾಯಿನ್ ಸುತ್ತ ಅಗಲವಾದ ಖಾಲಿ ಜಾಗ. ಮೂತ್ರಕೋಶದ ಸೋಂಕು, ಮೂತ್ರಕೋಶದ ಔಷಧಿ. ಫೋನ್ ಮಾಡಿ ಹೇಳಿದಾಗ ಅವರು ಐದನೆಯದನ್ನು ಆಗಲೇ ನುಂಗಿದ್ದರು. "ಇನ್ನು ಐದಿವೆ" ಎಂದರು.