ರೇಂಜಿನ ಎರಡೂ ಅಂಚಿನಲ್ಲಿ ಏಟು ತಿಂದ ಜೂನ್

2021ರ ಜೂನ್ ತಿಂಗಳಲ್ಲಿ ಎಂಟು ದಿನಗಳೊಳಗೆ ಎರಡು ಸಲ ನಷ್ಟ ಮಾಡಿಕೊಂಡೆ. ಮೊದಲು ರೇಂಜಿನ, ಅಂದರೆ ಬೆಲೆ ಸಿಕ್ಕಿಕೊಂಡು ಓಡಾಡುತ್ತಿದ್ದ ಅಂತರದ, ಮೇಲಂಚಿನಲ್ಲಿ ಕೊಂಡು, ಆಮೇಲೆ ಕೆಳಂಚಿನಲ್ಲಿ ಮಾರಿ. ಆಗ ನಾನು ಒಂದು ಸಣ್ಣ ಟ್ರೇಡಿಂಗ್ ಸಂಸ್ಥೆಯಲ್ಲಿ ಬಿಟ್‌ಕಾಯಿನ್ ವಹಿವಾಟು ನೋಡಿಕೊಳ್ಳುತ್ತಿದ್ದೆ. ದೊಡ್ಡ ಹಣದವರ ನಡೆಯನ್ನು ಬೆಲೆ ಮತ್ತು ವಾಲ್ಯೂಮ್‌ನಿಂದ, ಎ ಇಂದ ಇ ವರೆಗಿನ ಹಂತಗಳಲ್ಲಿ ಓದುವ ವೈಕಾಫ್ ವಿಧಾನ ನನಗೆ ಗೊತ್ತಿತ್ತು, ಚಾರ್ಟಿನ ಮೇಲೆ ಹಂತಗಳ ಹೆಸರನ್ನೂ ಬರೆದಿಟ್ಟಿದ್ದೆ. ಆದರೂ ಏಟು ಬಿತ್ತು. ಏಕೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ರೇಂಜ್ ಹೇಗೆ ಹುಟ್ಟಿತು ಎಂದು ನೋಡೋಣ. ಏಪ್ರಿಲ್ ಮಧ್ಯದಲ್ಲಿ ಬಿಟ್‌ಕಾಯಿನ್ ಸುಮಾರು 64,800 ಡಾಲರ್ ಮುಟ್ಟಿತ್ತು. ಮೇ 19ರಂದು ಒಂದೇ ದಿನದಲ್ಲಿ 30,000ದ ಆಸುಪಾಸಿಗೆ ಕುಸಿಯಿತು. ಸಾಲ ಮಾಡಿ ಕೊಂಡವರ ಪೊಸಿಷನ್‌ಗಳನ್ನು ಎಕ್ಸ್‌ಚೇಂಜ್‌ಗಳು ಬಲವಂತವಾಗಿ ಮುಚ್ಚಿದವು, ವಾಲ್ಯೂಮ್, ಅಂದರೆ ಕೈಬದಲಾದ ಕಾಯಿನ್‌ಗಳ ಪ್ರಮಾಣ, ಮುಗಿಲು ಮುಟ್ಟಿತು. ವೈಕಾಫ್ ಭಾಷೆಯಲ್ಲಿ ಇದು ಸೆಲ್ಲಿಂಗ್ ಕ್ಲೈಮ್ಯಾಕ್ಸ್. ಮರುದಿನವೇ ಬೆಲೆ 42,000 ದಾಟಿ ಪುಟಿಯಿತು. ಅದು ಆಟೊಮ್ಯಾಟಿಕ್ ರ್‍ಯಾಲಿ. ಮೇ 23ರಂದು ಮತ್ತೆ 31,000ದ ಬಳಿಗೆ ಇಳಿದು ನಿಂತದ್ದು ಸೆಕೆಂಡರಿ ಟೆಸ್ಟ್. ಇಲ್ಲಿಗೆ ಎ ಹಂತ ಮುಗಿಯಿತು. ಕೆಳಗೆ 30,000, ಮೇಲೆ 42,000: ಮುಂದಿನ ಎರಡು ತಿಂಗಳು ಬೆಲೆ ಓಡಾಡಿದ್ದು ಹೆಚ್ಚುಕಡಿಮೆ ಈ ಎರಡು ಗೆರೆಗಳ ನಡುವೆಯೇ.

ಬಿ ಹಂತ ಎಂದರೆ ತಾಳ್ಮೆ ಪರೀಕ್ಷಿಸುವ ಕಾಲ. ದೊಡ್ಡ ಹಣದವರು ಸದ್ದಿಲ್ಲದೆ ಕೊಳ್ಳುತ್ತಿರುತ್ತಾರೆ, ಆದರೆ ಬೆಲೆ ಏರಿಬಿಡುವುದು ಅವರಿಗೆ ಬೇಕಿರುವುದಿಲ್ಲ. ಹಾಗಾಗಿ ಬೆಲೆ ಮೇಲಕ್ಕೆ ಹೋದಾಗಲೆಲ್ಲ ತಡೆ ಬೀಳುತ್ತದೆ. ಜೂನ್ 15ರಂದು ಆದದ್ದು ಅದೇ. ಬೆಲೆ ಮೇ ಕೊನೆಯ ವಾರದ ಎತ್ತರವನ್ನು ಸ್ವಲ್ಪವೇ ದಾಟಿ 41,300ರವರೆಗೆ ಹೋಯಿತು. ನಾನು ಅದನ್ನು ಬ್ರೇಕೌಟ್ ಎಂದು ಓದಿ 40,600ಕ್ಕೆ ಕೊಂಡೆ. ಅದು ಅಪ್‌ಥ್ರಸ್ಟ್ ಆಗಿತ್ತು: ಹಿಂದಿನ ಎತ್ತರದ ಮೇಲೆ ಇಣುಕಿ, ಅಲ್ಲಿ ಕಾಯುತ್ತಿದ್ದ ಕೊಳ್ಳುವ ಆರ್ಡರ್‌ಗಳನ್ನೆಲ್ಲ ಬಳಸಿಕೊಂಡು, ಮರಳಿ ಒಳಗೆ ಬರುವ ಚಲನೆ. ಆ ದಿನದ ಏರಿಳಿತ ತೋರಿಸುವ ಕ್ಯಾಂಡಲ್ ಆ ಎತ್ತರದ ಮೇಲೆ ಮುಗಿಯಲಿಲ್ಲ, ಮರುದಿನ ಬೆಲೆ ಇನ್ನೂ ಕೆಳಗೆ ಹೋಯಿತು. ಇನ್ನೆರಡು ದಿನಗಳಲ್ಲಿ 37,800ಕ್ಕೆ ನಷ್ಟದಲ್ಲಿ ಹೊರಬಂದೆ.

ಒಂದು ಮಾತು ಇಲ್ಲಿ ಸ್ಪಷ್ಟಪಡಿಸಬೇಕು. ಅಪ್‌ಥ್ರಸ್ಟ್ ಕಂಡ ಕೂಡಲೇ ಇದು ಡಿಸ್ಟ್ರಿಬ್ಯೂಷನ್, ಅಂದರೆ ದೊಡ್ಡವರು ಮಾರಿ ಹೊರಡುತ್ತಿರುವ ರೇಂಜ್ ಎಂದು ಹಲವರು ತೀರ್ಮಾನಿಸುತ್ತಾರೆ. ಅದು ಸರಿಯಲ್ಲ. ದೊಡ್ಡವರು ಕೊಂಡು ಕೂಡಿಡುವ ಸಂಗ್ರಹಣೆಯ ಬಿ ಹಂತದಲ್ಲೂ ಅಪ್‌ಥ್ರಸ್ಟ್ ಬರುತ್ತದೆ. ಅದೊಂದರಿಂದಲೇ ಗೊತ್ತಾಗುವುದು ಇಷ್ಟೇ: ಮೇಲಂಚಿನಲ್ಲಿ ಮಾರುವವರು ಇನ್ನೂ ಉಳಿದಿದ್ದಾರೆ.

ಮುಂದಿನ ಏಟು ಇನ್ನೂ ಕಹಿಯಾಗಿತ್ತು. ಬೆಲೆ 33,000ಕ್ಕೆ ಇಳಿದಾಗ ಮತ್ತೆ ಕೊಂಡು, ಬೆಲೆ ಅಲ್ಲಿಗೆ ಇಳಿದರೆ ತಾನಾಗಿ ಮಾರಿಬಿಡುವ ಸ್ಟಾಪ್‌ಲಾಸ್ ಅನ್ನು 29,800ರಲ್ಲಿ ಇಟ್ಟೆ. 30,000ದ ಗೆರೆ ಎಲ್ಲರಿಗೂ ಕಾಣುತ್ತಿತ್ತು. ಅದರ ಕೆಳಗೆ ಸ್ಟಾಪ್ ಇಡಬೇಕೆಂಬುದೂ ಎಲ್ಲರಿಗೂ ಗೊತ್ತಿತ್ತು. ಜೂನ್ 22ರಂದು ಬೆಲೆ 28,800ರ ಬಳಿಗೆ ಜಾರಿತು. ನನ್ನ ಪೊಸಿಷನ್ ಮುಚ್ಚಿಹೋಯಿತು. ಕೆಲವೇ ಗಂಟೆಗಳಲ್ಲಿ ಬೆಲೆ 30,000ದ ಮೇಲೆ ಬಂತು, ಆ ದಿನ 32,000ದ ಮೇಲೆಯೇ ಮುಗಿಯಿತು. ಇದು ಸಿ ಹಂತದ ಸ್ಪ್ರಿಂಗ್. ಆ ಕ್ಯಾಂಡಲ್‌ನ ಕೆಳಗಿನ ಉದ್ದ ಬಾಲದಲ್ಲಿ ನಾನು ಮಾರಿದ್ದ ಕಾಯಿನ್‌ಗಳಿದ್ದವು. ಸ್ಟಾಪ್‌ಲಾಸ್ ಎಂದರೆ ಮಾರುವ ಆರ್ಡರ್ ತಾನೆ? ದೊಡ್ಡ ಪ್ರಮಾಣದಲ್ಲಿ ಕೊಳ್ಳಬೇಕಾದವನಿಗೆ ಅಷ್ಟೇ ದೊಡ್ಡ ಪ್ರಮಾಣದಲ್ಲಿ ಮಾರುವವರು ಬೇಕು, ಅವರು ಒಟ್ಟಾಗಿ ಸಿಗುವ ಜಾಗವೇ ಆ ಗೆರೆಯ ಕೆಳಗೆ.

ಸಂಜೆ ನಮ್ಮ ಹಿರಿಯ ಟ್ರೇಡರ್ ನನ್ನ ಚಾರ್ಟ್ ನೋಡಿ ಕೇಳಿದರು: “ನೀವು ಗೆರೆ ಮುರಿದ ಕ್ಷಣವನ್ನು ನೋಡಿದಿರಿ. ಮುರಿದ ಮೇಲೆ ದಿನ ಎಲ್ಲಿ ಮುಗಿಯಿತು ಎಂದು ನೋಡಿದಿರಾ?” ಎರಡೂ ಸಲ ನಾನು ಅದನ್ನು ನೋಡಿರಲಿಲ್ಲ. ಆಗಲೇ ಹೊಳೆದದ್ದು, ಸ್ಪ್ರಿಂಗ್ ಮತ್ತು ಅಪ್‌ಥ್ರಸ್ಟ್ ಒಂದೇ ಘಟನೆಯ ಎರಡು ಮುಖಗಳು. ಎರಡನ್ನೂ ಗುರುತಿಸುವುದು ದಿನ ಮುಗಿದ ಬೆಲೆಯಿಂದ, ಅದರ ನಂತರದ ವಾಲ್ಯೂಮ್‌ನಿಂದ.

ಹಾಗಾದರೆ ಈಗಲೇ ಕೊಳ್ಳೋಣವೇ ಎಂದು ಕೇಳಿದೆ. ಅವರು ಬೇಡ ಎಂದರು. ಕಾರಣ ವಾಲ್ಯೂಮ್. ಜೂನ್ 22ರ ವಾಲ್ಯೂಮ್ ಬಹಳ ದೊಡ್ಡದಾಗಿತ್ತು. ಗೆರೆಯ ಕೆಳಗೆ ಕಡಿಮೆ ವಾಲ್ಯೂಮ್‌ನಲ್ಲಿ ಇಳಿದು ಬಂದ ಸ್ಪ್ರಿಂಗ್ ಆಗಿದ್ದರೆ, ಮಾರುವವರು ಖಾಲಿಯಾಗಿದ್ದಾರೆ ಎಂದು ನಂಬಬಹುದು. ಭಾರೀ ವಾಲ್ಯೂಮ್ ಇದ್ದರೆ ಮಾರುವವರು ಇನ್ನೂ ಇದ್ದಾರೆ. ಅವರು ಮುಗಿದರೇ ಎಂದು ತಿಳಿಯಲು ಬೆಲೆ ಮತ್ತೊಮ್ಮೆ ಅಲ್ಲಿಗೆ ಇಳಿಯಬೇಕು, ಆ ಸಲ ವಾಲ್ಯೂಮ್ ಗಣನೀಯವಾಗಿ ತಗ್ಗಿರಬೇಕು. ಇದನ್ನು ಟೆಸ್ಟ್ ಎನ್ನುತ್ತಾರೆ.

ಸುಮಾರು ನಾಲ್ಕು ವಾರ ಕಾದೆವು. ಜುಲೈ 20ರಂದು ಬೆಲೆ ಮತ್ತೆ 30,000ದ ಕೆಳಗೆ, 29,300ರ ಆಸುಪಾಸಿಗೆ ಬಂತು. ಎಲ್ಲೆಡೆ ಭಯ. ಆದರೆ ಜೂನ್ 22ರ ತಳ ಮುರಿಯಲಿಲ್ಲ, ವಾಲ್ಯೂಮ್ ಅಂದಿನದರ ಅರ್ಧಕ್ಕಿಂತಲೂ ಕಡಿಮೆ ಇತ್ತು. ಮರುದಿನ ಬೆಲೆ 32,000 ದಾಟಿ ಮುಗಿಯಿತು. ಅಲ್ಲಿ ಕೊಂಡೆವು, ಸ್ಟಾಪ್ 28,500ರಲ್ಲಿ, ಅಂದರೆ ಸ್ಪ್ರಿಂಗ್‌ನ ತಳಕ್ಕಿಂತ ಕೆಳಗೆ. ಪ್ರತಿ ಕಾಯಿನ್‌ಗೆ ಅಪಾಯ 3,500 ಡಾಲರ್, ಮೇಲಂಚಿನವರೆಗೆ ಸಿಗಬಹುದಾದದ್ದು 10,000. ಆ ತಿಂಗಳ ಕೊನೆಗೆ ಬೆಲೆ 42,000 ಮುಟ್ಟಿತು. ಇದು ಡಿ ಹಂತದ ಬಲದ ಗುರುತು. ಆಗಸ್ಟ್ ಮೊದಲ ವಾರದಲ್ಲಿ 37,500ರ ಬಳಿಗೆ ಇಳಿದರೂ ರೇಂಜಿನ ನಡುಮಟ್ಟಕ್ಕಿಂತ ಮೇಲೆಯೇ ನಿಂತು, ಅಲ್ಲಿಂದ ಹೊರಬಿದ್ದ ಬೆಲೆ ಅದೇ ತಿಂಗಳು 50,000 ತಲುಪಿತು. ಇ ಹಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಈ ಕೆಲಸದಲ್ಲಿ ಕ್ರಿಪ್ಟೊಗೆ ಅಂಟಿದ ಒಂದು ತೊಡಕಿದೆ. ಒಂದೇ ಮಾರುಕಟ್ಟೆ ಇಲ್ಲದ್ದರಿಂದ ಸ್ಪ್ರಿಂಗ್‌ನ ತಳ ಒಂದೊಂದು ಎಕ್ಸ್‌ಚೇಂಜ್‌ನಲ್ಲಿ ಒಂದೊಂದು ತೆರನಾಗಿರುತ್ತದೆ. ಫ್ಯೂಚರ್ಸ್‌ನ ವಾಲ್ಯೂಮ್‌ನಲ್ಲಿ ಬಲವಂತದ ಮಾರಾಟವೂ ಸೇರಿರುತ್ತದೆ. ಆದ್ದರಿಂದ ನಾವು ಕಾಯಿನ್‌ಗಳನ್ನೇ ನೇರವಾಗಿ ಕೊಂಡು ಮಾರುವ ಸ್ಪಾಟ್ ವಾಲ್ಯೂಮನ್ನೇ ನೋಡುತ್ತೇವೆ, ಸ್ಪ್ರಿಂಗ್ ಮತ್ತು ಟೆಸ್ಟ್ ಎರಡನ್ನೂ ಒಂದೇ ಎಕ್ಸ್‌ಚೇಂಜ್‌ನ ಚಾರ್ಟಿನಲ್ಲಿ ಹೋಲಿಸುತ್ತೇವೆ, ದಿನದ ಕೊನೆಯನ್ನು ಯುಟಿಸಿ ಮಧ್ಯರಾತ್ರಿಗೆ ಎಣಿಸುತ್ತೇವೆ.

2022ರಲ್ಲಿ ಇದೇ ಓದು ನಮ್ಮನ್ನು ಕಾಪಾಡಿತು. ಜನವರಿ ಕೊನೆಯಲ್ಲಿ ಬಿಟ್‌ಕಾಯಿನ್ 33,000ಕ್ಕೆ ಇಳಿದು ಹೊಸ ರೇಂಜ್ ಕಟ್ಟಿಕೊಂಡಿತ್ತು. ಮಾರ್ಚ್ ಕೊನೆಯಲ್ಲಿ ಫೆಬ್ರುವರಿಯ ಎತ್ತರ ದಾಟಿ 48,000 ಮುಟ್ಟಿ, ನಿಲ್ಲಲಾರದೆ ಒಳಗೆ ಬಂತು. ಹಲವರು ಅದನ್ನು ಸಂಗ್ರಹಣೆ ಎಂದೇ ಗುರುತಿಸಿದ್ದರು, ನಾನೂ ಆ ಅನುಮಾನದಲ್ಲಿದ್ದೆ. ಮೇ 9ರಂದು ಬೆಲೆ 33,000ದ ಕೆಳಗೆ ಬಿದ್ದಾಗ ಸ್ಪ್ರಿಂಗ್ ಬಂತು ಎಂಬ ಮಾತು ಕೇಳಿಬಂತು. ಆದರೆ ದಿನ ಮುಗಿದದ್ದು 30,000ದ ಹತ್ತಿರ. ಮೂರು ವಾರ ಕಾದರೂ ಬೆಲೆ ಹಳೆಯ ಗೆರೆಯೊಳಗೆ ಬರಲಿಲ್ಲ. ಮೇ ಕೊನೆಯಲ್ಲಿ 32,000 ದಾಟಿ ಒಂದು ಪ್ರಯತ್ನ ಮಾಡಿ, ಕೆಳಗಿನಿಂದಲೇ ಹಿಂದಿರುಗಿತು. ನಾವು ಒಂದು ಕಾಯಿನ್ ಕೂಡ ಕೊಳ್ಳಲಿಲ್ಲ. ಜೂನ್‌ನಲ್ಲಿ ಬೆಲೆ 18,000ದ ಕೆಳಗೂ ಇಳಿಯಿತು.